ಒಂದೇ ಎಲೆ, ಎರಡು ಘಟನೆ

ಪುಟ್ಟೀ, ನೀನು ಕಳಿಸಿದ ಫೋಟೊ ದೊಡ್ಡದು ಮಾಡಿಕೊಂಡು ನೋಡಿದೆ. ಇಸ್ಪೀಟಿನ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಲ್ಲಿ 1/13 × 1/13 = 1/169 ಅಂತ ಬರೆದು, ಕೆಳಗೆ ‘ಸ್ವತಂತ್ರ ಘಟನೆಗಳು’ ಅಂತ ಗೀಟು ಎಳೆದಿದ್ದೀಯ. ಪುಸ್ತಕದ ಕೊನೆಯಲ್ಲಿ ಉತ್ತರ ಸೊನ್ನೆ ಅಂತಿದೆ, ಹೇಗೆ ಅಂತ ಕೇಳಿದ್ದೀಯ. ‘ರಾಜನಿಗೂ ರಾಣಿಗೂ ಸಂಬಂಧ ಇಲ್ಲವಲ್ಲ, ಎರಡೂ ಬೇರೆ ಬೇರೆ ಎಲೆ, ಹಾಗಾಗಿ ಸ್ವತಂತ್ರ ತಾನೆ?’ ಅನ್ನುವುದು ನಿನ್ನ ವಾದ. ಆ ವಾದದಲ್ಲೇ ಗಂಟು ಇರುವುದು. ಅದನ್ನು ಬಿಡಿಸೋಣ.

ಮೊದಲು ಪ್ರಶ್ನೆಯ ಮೊದಲ ಸಾಲು ನೋಡು. ಫೋಟೊದ ಮೇಲಂಚಿನಲ್ಲಿ ಅದು ಅರ್ಧ ಕತ್ತರಿಸಿಹೋಗಿದೆ, ಆದರೂ ಓದಲು ಬರುತ್ತದೆ: ಚೆನ್ನಾಗಿ ಕಲಸಿದ 52 ಎಲೆಗಳ ಕಟ್ಟಿನಿಂದ ಒಂದು ಎಲೆ ತೆಗೆಯಲಾಗಿದೆ. ಒಂದು ಎಲೆ. ಅದರ ಮೇಲೆ ಕೇಳಿರುವ ಘಟನೆಗಳಲ್ಲಿ ಸದ್ಯಕ್ಕೆ ಮೂರನ್ನು ತೆಗೆದುಕೋ: ಆ ಎಲೆ ರಾಜ ಆಗಿರುವುದು, ರಾಣಿ ಆಗಿರುವುದು, ಆಟೀನು ಆಗಿರುವುದು. ಕೈಯಲ್ಲಿರುವುದು ಒಂದೇ ಎಲೆ ಅಂದಮೇಲೆ ಅದು ರಾಜನೂ ಆಗಿ ರಾಣಿಯೂ ಆಗಿರಲು ಬರುವುದಿಲ್ಲ. ಒಂದು ನಡೆದರೆ ಇನ್ನೊಂದು ನಡೆಯಲಾರದು. ಇದಕ್ಕೇ ಪರಸ್ಪರ ವರ್ಜಕ ಅನ್ನುವುದು. ಎರಡೂ ಒಟ್ಟಿಗೆ ನಡೆಯುವ ಸಂಭವನೀಯತೆ ಸೊನ್ನೆ.

ಈಗ ನಿನ್ನ 1/169 ಅನ್ನು ಇನ್ನೊಂದು ಕಡೆಯಿಂದ ಪರೀಕ್ಷೆ ಮಾಡು. ಒಂದು ಎಲೆ ತೆಗೆಯುವ ಲೆಕ್ಕದಲ್ಲಿ ಎಲ್ಲ ಎಲೆಗೂ ಸಮಾನ ಅವಕಾಶ ಇದ್ದಾಗ, ಯಾವ ಘಟನೆಯ ಸಂಭವನೀಯತೆಯೂ ‘52ರಲ್ಲಿ ಇಷ್ಟು ಎಲೆ’ ಅಂತಲೇ ಬರಬೇಕು. ನಿನ್ನ ಉತ್ತರದ ಪ್ರಕಾರ ರಾಜನೂ ರಾಣಿಯೂ ಆಗಿರುವ ಎಲೆಗಳು ಎಷ್ಟು? 52 ಅನ್ನು 169ರಿಂದ ಭಾಗಿಸಿದರೆ ಸುಮಾರು 0.31. ಕಾಲು ಎಲೆಗಿಂತ ಸ್ವಲ್ಪ ಹೆಚ್ಚು! ಅಂಥ ಎಲೆ ಕಟ್ಟಿನಲ್ಲಿ ಇಲ್ಲ. ಪರೀಕ್ಷೆಯಲ್ಲಿ ಇಂಥ ಲೆಕ್ಕ ಬಂದಾಗ ಉತ್ತರವನ್ನು 52ರಿಂದ ಗುಣಿಸಿ ನೋಡು. ಪೂರ್ಣಸಂಖ್ಯೆ ಬರಲಿಲ್ಲ ಅಂದರೆ ಹಿಂದೆಲ್ಲೋ ತಪ್ಪಿದೆ ಅಂತಲೇ ಅರ್ಥ.

ಹಾಗಂತ 1/169 ಎಲ್ಲೂ ಸಲ್ಲದ ಸಂಖ್ಯೆಯಲ್ಲ. ಅದು ಬೇರೊಂದು ಪ್ರಶ್ನೆಯ ಸರಿ ಉತ್ತರ. 18ನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಗಣಿತಜ್ಞ ಅಬ್ರಹಾಂ ದ ಮಾವ್ರ್ ಅವರ ‘ಡಾಕ್ಟ್ರಿನ್ ಆಫ್ ಚಾನ್ಸಸ್’ ಪುಸ್ತಕದ 1756ರ ಆವೃತ್ತಿಯಲ್ಲಿ ಇದೇ ಸಂಖ್ಯೆ ಬರುತ್ತದೆ. ಅವರು ಕೊಟ್ಟ ಉದಾಹರಣೆಯಲ್ಲಿ 13 ಎಲೆಗಳ ಎರಡು ಗುಡ್ಡೆಗಳಿವೆ. ಒಂದೊಂದರಿಂದ ಒಂದೊಂದು ಎಲೆ ತೆಗೆದರೆ ಎರಡೂ ಎಕ್ಕ ಆಗುವ ಸಂಭವ ಎಷ್ಟು? ಮೊದಲ ಗುಡ್ಡೆಯಲ್ಲಿ ಎಕ್ಕ ಸಿಕ್ಕಿತೋ ಇಲ್ಲವೋ ಅನ್ನುವುದು ಎರಡನೆಯ ಗುಡ್ಡೆಯನ್ನು ತಟ್ಟುವುದೇ ಇಲ್ಲ. ಹಾಗಾಗಿ 1/13 ಅನ್ನು 1/13ರಿಂದ ಗುಣಿಸಿ 1/169. ಅಲ್ಲಿ ಎಲೆ ತೆಗೆಯುವುದು ಎರಡು ಸಲ, ನಿನ್ನ ಪ್ರಶ್ನೆಯಲ್ಲಿ ಒಂದೇ ಸಲ. ನಿನ್ನ ಪ್ರಶ್ನೆಯೂ ‘ಒಂದು ಎಲೆ ತೆಗೆದು, ವಾಪಸ್ಸು ಹಾಕಿ, ಕಲಸಿ, ಮತ್ತೊಂದು ತೆಗೆದರೆ ಮೊದಲನೆಯದು ರಾಜ, ಎರಡನೆಯದು ರಾಣಿ’ ಅಂತ ಇದ್ದಿದ್ದರೆ ನಿನ್ನ ಪೆನ್ಸಿಲ್ ಲೆಕ್ಕಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು.

ದ ಮಾವ್ರ್ ಕೂಡ ಒಂದಕ್ಕೊಂದು ಸಂಬಂಧ ಇಲ್ಲದಿರುವುದನ್ನೇ ಸ್ವತಂತ್ರ ಅಂತ ಹೇಳಿದ್ದು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಒಂದು ನಡೆಯುವುದು ಇನ್ನೊಂದಕ್ಕೆ ಒತ್ತಾಸೆಯೂ ಆಗಬಾರದು, ಅಡ್ಡಿಯೂ ಆಗಬಾರದು ಅಂತ ಸೇರಿಸಿದರು. ನೀನು ಹಿಡಿದುಕೊಳ್ಳಬೇಕಾದದ್ದು ಆ ಎರಡನೆಯ ಮಾತನ್ನು. ರಾಜ ಬಂದರೆ ರಾಣಿಗೆ ಅಡ್ಡಿಯಾಗುತ್ತದಾ? ಪೂರ್ತಿಯಾಗಿ ಆಗುತ್ತದೆ! ಏನೂ ಗೊತ್ತಿಲ್ಲದಾಗ ಎಲೆ ರಾಜ ಆಗಿರುವ ಸಂಭವ 4/52, ಅಂದರೆ 1/13. ಯಾರೋ ಎಲೆಯನ್ನು ಕದ್ದು ನೋಡಿ ‘ಇದು ರಾಣಿ’ ಅಂದರೆ ಅದು ಸೊನ್ನೆಗೆ ಇಳಿಯುತ್ತದೆ. ಒಂದರ ಸುದ್ದಿ ಇನ್ನೊಂದನ್ನು ಇಷ್ಟು ಅಲುಗಾಡಿಸಿದ ಮೇಲೆ ಅವು ಸ್ವತಂತ್ರ ಹೇಗಾಗುತ್ತವೆ? ಎರಡು ಘಟನೆಗಳಿಗೂ ಸೊನ್ನೆಗಿಂತ ಹೆಚ್ಚು ಸಂಭವ ಇದ್ದು, ಅವು ಪರಸ್ಪರ ವರ್ಜಕವಾಗಿದ್ದರೆ, ಸ್ವತಂತ್ರ ಆಗಲು ಸಾಧ್ಯವೇ ಇಲ್ಲ.

ಇನ್ನು ರಾಜ ಮತ್ತು ಆಟೀನು. ಇಲ್ಲಿ ನೀನು ‘ವರ್ಜಕ ಅಲ್ಲ, ಆದ್ದರಿಂದ ಸ್ವತಂತ್ರ’ ಅಂತ ಬರೆದಿದ್ದೀಯ. ಉತ್ತರ ಸರಿ, ಕಾರಣ ತಪ್ಪು. ಆಟೀನು ರಾಜ ಅನ್ನುವ ಎಲೆ ಇರುವುದರಿಂದ ವರ್ಜಕ ಅಲ್ಲ, ಅಷ್ಟು ನಿಜ. ಸ್ವತಂತ್ರವೋ ಅಲ್ಲವೋ ಅನ್ನುವುದನ್ನು ಬೇರೆಯಾಗಿ ನೋಡಬೇಕು. ಕದ್ದು ನೋಡಿದವರು ‘ಆಟೀನು’ ಅಂದರು ಅಂತ ಇಟ್ಟುಕೋ. ಈಗ ಉಳಿದ ಸಾಧ್ಯತೆ 13 ಎಲೆ, ಅವುಗಳಲ್ಲಿ ರಾಜ ಒಂದು. ಸಂಭವ 1/13. ಮೊದಲೂ ಅಷ್ಟೇ ಇತ್ತು. ಸುದ್ದಿ ಬಂದರೂ ಸಂಖ್ಯೆ ಕದಲಲಿಲ್ಲ, ಆದ್ದರಿಂದ ಸ್ವತಂತ್ರ. ಗುಣಾಕಾರದಿಂದಲೂ ನೋಡಬಹುದು: 4/52 × 13/52 = 1/52. ಕಟ್ಟಿನಲ್ಲಿ ಆಟೀನು ರಾಜ ಇರುವುದೂ ಒಂದೇ.

‘ವರ್ಜಕ ಅಲ್ಲದಿದ್ದರೆ ಸ್ವತಂತ್ರ’ ಅನ್ನುವ ಸೂತ್ರ ಎಲ್ಲಿ ಕೈಕೊಡುತ್ತದೆ ಅಂತ ನೋಡಬೇಕಾದರೆ ರಾಜನ ಜೊತೆಗೆ ಚಿತ್ರದ ಎಲೆಯನ್ನು ತೆಗೆದುಕೋ. ರಾಜ, ರಾಣಿ, ಗುಲಾಮ ಸೇರಿ ಚಿತ್ರದ ಎಲೆಗಳು 12. ರಾಜ ಎಂದರೆ ಚಿತ್ರದ ಎಲೆಯೇ, ಹಾಗಾಗಿ ವರ್ಜಕ ಅಲ್ಲ. ‘ಚಿತ್ರ ಇದೆ’ ಅಂತ ಗೊತ್ತಾದರೆ ರಾಜನ ಸಂಭವ 1/13ರಿಂದ 4/12ಕ್ಕೆ, ಅಂದರೆ 1/3ಕ್ಕೆ ಏರುತ್ತದೆ. ಹಾಗಾಗಿ ಸ್ವತಂತ್ರವೂ ಅಲ್ಲ. ಎರಡು ಹೆಸರಲ್ಲಿ ಒಂದನ್ನಾದರೂ ಅಂಟಿಸಲೇಬೇಕು ಅನ್ನುವ ಹಟ ಬಿಡು. ಎಷ್ಟೋ ಜೋಡಿಗಳು ಎರಡೂ ಆಗಿರುವುದಿಲ್ಲ.

ಇನ್ನೊಂದು ವಿಷಯವನ್ನು ನಿನ್ನ ಪುಸ್ತಕ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ತಿಳಿದರೆ ವ್ಯತ್ಯಾಸ ಚೆನ್ನಾಗಿ ಕೂರುತ್ತದೆ. ವರ್ಜಕವೋ ಅಲ್ಲವೋ ಅನ್ನುವುದು ಎಲೆಗಳನ್ನು ನೋಡಿದರೇ ಗೊತ್ತಾಗುತ್ತದೆ: ಎರಡಕ್ಕೂ ಸೇರಿದ ಎಲೆ ಕಟ್ಟಿನಲ್ಲಿ ಇದೆಯೋ ಇಲ್ಲವೋ, ಅಷ್ಟೇ. ಸ್ವಾತಂತ್ರ್ಯ ಹಾಗಲ್ಲ, ಅದು ಎಣಿಕೆಯ ಮೇಲೆ ನಿಂತಿದೆ. ಕಟ್ಟಿಗೆ ಎರಡು ಜೋಕರ್ ಸೇರಿಸಿ 54 ಮಾಡು. ರಾಜನ ಸಂಭವ ಈಗ 4/54. ಆಟೀನು ಅಂತ ಗೊತ್ತಾದರೆ ಮಾತ್ರ ಮೊದಲಿನಂತೆ 1/13. ಈ ಎರಡು ಒಂದೇ ಅಲ್ಲ, ಯಾಕೆಂದರೆ 4/54 ಅಂದರೆ 13.5ರಲ್ಲಿ ಒಂದು. ವ್ಯತ್ಯಾಸ ಕೂದಲೆಳೆಯಷ್ಟು, ಆದರೂ ಇದೆ. 52ರಲ್ಲಿ ಸ್ವತಂತ್ರವಾಗಿದ್ದ ರಾಜ–ಆಟೀನು 54ರಲ್ಲಿ ಸ್ವತಂತ್ರ ಅಲ್ಲ. ‘ಸಂಬಂಧ ಇದೆಯಾ’ ಅಂತ ಎಲೆಯ ಮುಖ ನೋಡಿ ಇದನ್ನು ಹೇಳಲು ಆಗುತ್ತಿತ್ತಾ? ರಾಜ–ರಾಣಿಯ ಮಾತು ಬೇರೆ. ಜೋಕರ್ ಎಷ್ಟು ಬೇಕಾದರೂ ಸೇರಿಸು, ಅವು ವರ್ಜಕವೇ.

ನಾಲ್ಕನೆಯ ಉಪಪ್ರಶ್ನೆಯನ್ನು, ಕಪ್ಪು ಎಲೆ ಮತ್ತು ಆಟೀನು, ಖಾಲಿ ಬಿಟ್ಟಿದ್ದೀಯ. ಅದನ್ನು ಮಾಡಿ ಫೋಟೊ ಕಳಿಸು. ಈ ಸಲ ಮೇಲಿನ ಸಾಲೂ ಪೂರ್ತಿ ಕಾಣುವ ಹಾಗೆ ತೆಗೆ.