ಪ್ರೆಶರ್ ಕುಕ್ಕರ್: ತುಂಬುವ ಮಿತಿ ಮತ್ತು ಆವಿ ಬಿಡುವ ಕ್ರಮ

1679ರಲ್ಲಿ ಫ್ರಾನ್ಸ್ ಮೂಲದ ಡೆನಿಸ್ ಪಾಪಿನ್ ರೂಪಿಸಿದ ‘ಸ್ಟೀಮ್ ಡೈಜೆಸ್ಟರ್’ ಇಂದಿನ ಕುಕ್ಕರಿನ ಪೂರ್ವಜ. ಒಳಗೆ ಒತ್ತಡ ಹೆಚ್ಚಿದಾಗ ನೀರಿನ ಕುದಿಯುವ ಬಿಂದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಬೇಗ ಬೇಯಲು ಇದೇ ಕಾರಣ.

ಸಾಮಾನ್ಯ ಪದಾರ್ಥಗಳಿಗೆ ತುಂಬುವ ಮಿತಿ ಕುಕ್ಕರಿನ ಮೂರನೇ ಎರಡು ಭಾಗ. ನೊರೆ ಬರುವ ಅಥವಾ ಉಬ್ಬುವ ಅಕ್ಕಿ, ಬೇಳೆ, ಕಾಳುಗಳಿಗೆ ಅರ್ಧ ಮಾತ್ರ.

5 ಲೀಟರ್ ಕುಕ್ಕರಿನಲ್ಲಿ ತೊಗರಿಬೇಳೆಯನ್ನು ನೇರವಾಗಿ ಬೇಯಿಸುವಾಗ ಬೇಳೆ, ನೀರು ಸೇರಿ 2.5 ಲೀಟರ್ ದಾಟಬಾರದು. ದಾಟಿದರೆ ನೊರೆ ಮುಚ್ಚಳದ ಆವಿ ನಳಿಕೆಗೆ ಏರಿ ಅದನ್ನು ಕಟ್ಟಬಹುದು. ಸೀಟಿಯಿಂದ ಆವಿಯ ಬದಲು ಹಳದಿ ನೀರು ಚಿಮ್ಮಿದರೆ ಅದು ಮೊದಲ ಸೂಚನೆ. ಕೂಡಲೇ ಒಲೆ ಆರಿಸಬೇಕು. ಬೆಂದ ಬೇಳೆಯ ಆವಿ ತಾನಾಗಿ ಇಳಿಯಲಿ. ಆತುರಕ್ಕೆ ಸೀಟಿ ಎತ್ತಿದರೆ ಒತ್ತಡ ದಿಢೀರನೆ ಕುಸಿದು, 100 ಡಿಗ್ರಿಗಿಂತ ಬಿಸಿಯಾದ ನೀರು ಒಮ್ಮೆಲೇ ಕೊತಕೊತ ಕುದಿದು ನೊರೆಯನ್ನು ಹೊರದಬ್ಬುತ್ತದೆ. ಅಡುಗೆಮನೆಯ ಗೋಡೆ ತೊಳೆದವರಿಗೆ ಇದನ್ನು ವಿವರಿಸಬೇಕಿಲ್ಲ!

ಬೀನ್ಸ್, ಹೂಕೋಸಿನಂಥ ತರಕಾರಿಗೆ ಇದು ತಿರುಗುಮುರುಗು. ಒಲೆ ಆರಿಸಿದ ಮೇಲೂ ಉಳಿದ ಶಾಖದಲ್ಲಿ ಅವು ಬೇಯುತ್ತಲೇ ಇದ್ದು ಮುದ್ದೆಯಾಗುತ್ತವೆ. ಹಾಗಾಗಿ ಉದ್ದ ಹಿಡಿಯ ಚಮಚದಿಂದ ಸೀಟಿಯನ್ನು ತುಸುವೇ ಎತ್ತಿ, ಮುಖ ದೂರವಿಟ್ಟು, ಆವಿಯನ್ನು ಬೇಗ ಬಿಡಬೇಕು.

ಯಾವ ಕ್ರಮವಾದರೂ, ಸೀಟಿ ಎತ್ತಿದಾಗ ‘ಸುಯ್’ ಸದ್ದು ಪೂರ್ತಿ ನಿಂತ ಮೇಲಷ್ಟೇ ಮುಚ್ಚಳ ತೆಗೆಯಿರಿ.