ಚೆಲ್ಲಿದ ಹಾಲು, ಎತ್ತಿಟ್ಟ ಹಾಲು

ಹೆರಿಗೆಗೆ ನಾಲ್ಕು ವಾರ ಮೊದಲೇ ರಜೆ ಹಾಕಿದ್ದರಿಂದ, ನನ್ನ 26 ವಾರಗಳು ಮುಗಿಯುವಾಗ ಮಗಳಿಗೆ ಐದು ತಿಂಗಳು. ಬೆಂಗಳೂರಿನ ಏಪ್ರಿಲ್ ಬಿಸಿಲು. ಅವಳನ್ನು ನೋಡಿಕೊಳ್ಳಲು ಬಂದವರು ಐವತ್ತು ದಾಟಿದ ಹೆಂಗಸು. ನಾವು ಅಕ್ಕ ಎಂದೇ ಕರೆಯುತ್ತಿದ್ದೆವು. ಸ್ವಂತ ಮಕ್ಕಳು ಮೂವರು, ಮೊಮ್ಮಕ್ಕಳಿಬ್ಬರನ್ನು ಸಾಕಿದವರು. ಅಂಥವರಿಗೆ ನಾನೇನು ಹೇಳಿಕೊಡಲಿ ಎಂಬ ಸಂಕೋಚದಲ್ಲಿ, ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಅರ್ಧ ಗಂಟೆ ಓದಿ ಹೇಳಿದೆ. ಅಕ್ಕ ತಲೆಯಾಡಿಸಿ "ಆಯ್ತು ಕಣಮ್ಮ, ನೀನು ಧೈರ್ಯವಾಗಿ ಹೋಗು" ಅಂದರು.

ಮೊದಲ ದಿನ ನಾಲ್ಕು ಚಿಕ್ಕ ಸ್ಟೀಲ್ ಡಬ್ಬಿಗಳಲ್ಲಿ ತಲಾ 120 ಮಿಲಿಲೀಟರ್ ಎದೆಹಾಲು ಹಿಂಡಿಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದರೆ ಒಂದು ಡಬ್ಬಿ ತೊಳೆದು ಬೋರಲು ಹಾಕಿತ್ತು, ಇನ್ನೊಂದರಲ್ಲಿ ಅರ್ಧ ಹಾಲು ಮತ್ತೆ ಫ್ರಿಜ್ ಸೇರಿತ್ತು. ಕೇಳಿದೆ. ತೊಳೆದಿಟ್ಟ ಡಬ್ಬಿಯ ಹಾಲು ಒಡೆದಿತ್ತಂತೆ, ಅದಕ್ಕೆ ಚೆಲ್ಲಿದರಂತೆ. ಫ್ರಿಜ್‌ನಲ್ಲಿದ್ದದ್ದು ಬೆಳಿಗ್ಗೆ ಬೆಚ್ಚಗೆ ಮಾಡಿ ಕುಡಿಸಿ ಉಳಿದದ್ದು. "ತಾಯಿ ಹಾಲು ಚೆಲ್ಲಕ್ಕೆ ಮನಸ್ಸು ಬರಲಿಲ್ಲಮ್ಮ, ರಾತ್ರಿಗೆ ಆಗುತ್ತೆ ಅಂತ ಇಟ್ಟೆ."

ಚೆಲ್ಲಿದ ಹಾಲು ಒಡೆದಿರಲಿಲ್ಲ. ಹಿಂಡಿದ ಹಾಲು ಫ್ರಿಜ್‌ನಲ್ಲಿ ಕೆಲವು ಗಂಟೆ ನಿಂತರೆ ಕೊಬ್ಬು ಮೇಲೆ ಕೆನೆಯಂತೆ ತೇಲಿ, ಕೆಳಗೆ ನೀಲಿ ಛಾಯೆಯ ನೀರು ಹಾಲು ಉಳಿಯುತ್ತದೆ. ಮೆಲ್ಲಗೆ ಡಬ್ಬಿ ತಿರುಗಿಸಿದರೆ ಎರಡೂ ಬೆರೆತುಹೋಗುತ್ತವೆ. ಕೆಟ್ಟ ಹಾಲಾದರೆ ಎಷ್ಟು ತಿರುಗಿಸಿದರೂ ಗರಣೆ ಕರಗುವುದಿಲ್ಲ, ಹುಳಿ ವಾಸನೆಯೂ ಮೂಗಿಗೆ ಬಡಿಯುತ್ತದೆ. ಜೀವನವಿಡೀ ಹಸುವಿನ ಹಾಲು ಕಾಯಿಸಿದ ಕೈಗೆ ಈ ವ್ಯತ್ಯಾಸ ಗೊತ್ತಿರಬೇಕು ಎಂದುಕೊಂಡದ್ದು ನನ್ನ ತಪ್ಪು. ಹಿಂಡಿಟ್ಟ ಎದೆಹಾಲನ್ನು ಅವರು ಅಲ್ಲಿಯವರೆಗೆ ನೋಡಿರಲೇ ಇಲ್ಲ.

ಎತ್ತಿಟ್ಟ ಹಾಲಿನದು ಬೇರೆ ಕಥೆ. ತಣ್ಣಗಿದ್ದಷ್ಟು ಕಾಲ, ಫ್ರಿಜ್‌ನ ಒಳಮೂಲೆಯಲ್ಲಿ, ಎದೆಹಾಲು ನಾಲ್ಕು ದಿನ ತಡೆಯುತ್ತದೆ. ಒಮ್ಮೆ ಬೆಚ್ಚಗಾದ ಮೇಲೆ, ಅದರಲ್ಲೂ ಮಗುವಿನ ಬಾಯಿ ತಾಗಿದ ಮೇಲೆ, ಎರಡು ಗಂಟೆಯೇ ಮಿತಿ. ಮತ್ತೆ ತಣ್ಣಗೆ ಮಾಡಿಟ್ಟರೆ ಆಗಲೇ ಸೇರಿದ ರೋಗಾಣು ಸಾಯುವುದಿಲ್ಲ. ಇದು ಹಾಳೆಯಲ್ಲಿ ಇತ್ತು, ನಾನು ಓದಿಯೂ ಹೇಳಿದ್ದೆ. ಆದರೆ ಮಗುವಿನ ಪಾಲಿನ ಹಾಲನ್ನು ಸಿಂಕಿಗೆ ಸುರಿ ಎಂದು ಆ ಹೆಂಗಸಿಗೆ ಹೇಳುವುದು, ದೇವರ ಪ್ರಸಾದವನ್ನು ಎಸೆ ಎಂದು ಹೇಳಿದ ಹಾಗೆ. ಅವರ ಮನಸ್ಸು ಒಪ್ಪದ ಮಾತು ಹಾಳೆಯ ಮೇಲಿದ್ದು ಏನು ಬಂತು?

ಮರುದಿನದಿಂದ ಮಾತು ಬಿಟ್ಟು ಡಬ್ಬಿ ಬದಲಿಸಿದೆ. ತಲಾ 60 ಮಿಲಿಲೀಟರ್‌ನ ಎಂಟು ಡಬ್ಬಿಗಳು. ಮಗಳು ಒಂದು ಹೊತ್ತಿಗೆ 90ರಿಂದ 120 ಕುಡಿಯುತ್ತಿದ್ದಳು. ಒಂದು ಡಬ್ಬಿ ಮುಗಿಸಿ ಇನ್ನೂ ಬಾಯಿ ಚಾಚಿದರೆ ಮಾತ್ರ ಎರಡನೆಯದು ಬಿಸಿನೀರಿನ ಬಟ್ಟಲಿಗೆ ಇಳಿಯಬೇಕು. ಉಳಿಯುವುದು ಹೆಚ್ಚೆಂದರೆ ಎರಡು ಚಮಚ. ಅದನ್ನು ಚೆಲ್ಲಲು ಅಕ್ಕನಿಗೂ ಸಂಕಟವಾಗಲಿಲ್ಲ. ಅವರಿಗೆ ಓದು ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಹಾಗಾಗಿ ಮುಚ್ಚಳದ ಮೇಲೆ ಹಿಂಡಿದ ತಾರೀಖು ಮತ್ತು ಗಂಟೆ ಮಾತ್ರ ಬರೆದೆ, ಹಳೆಯದು ಮುಂದೆ. ಫ್ರಿಜ್ ಬಾಗಿಲಿನ ಹಾಳೆಯನ್ನು ಕಿತ್ತುಹಾಕಿದೆ.

ಮಗಳು ಬಾಟಲಿ ಒಲ್ಲೆ ಅಂದಿದ್ದರಿಂದ ಒಳಲೆಯಲ್ಲೇ ಕುಡಿಸುವುದು. ಅಕ್ಕ ಒಳಲೆಯಲ್ಲಿ ಪಳಗಿದವರು. ಆದರೆ ಅವರ ರೂಢಿ ಹಳೆಯದು: ಚಾಚಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಬಾಯಿಗೆ ಸುರಿದು, ಗುಟುಕರಿಸುವ ತನಕ ಕಾಯುವುದು. ಹಾಗೆ ಸುರಿದರೆ ಹಾಲು ಶ್ವಾಸನಾಳಕ್ಕೆ ಹೋಗಬಹುದು. ನಾನು ಪಕ್ಕದಲ್ಲಿ ಕೂತು ತೋರಿಸಿದೆ: ಮಗುವಿನ ತಲೆ, ಬೆನ್ನು ಮೊಣಕೈ ಮೇಲೆ ಎತ್ತಿ ಕೂರಿಸಿದಂತೆ ಇರಬೇಕು, ಒಳಲೆಯ ಮೂತಿ ಕೆಳತುಟಿಗೆ ತಾಗಬೇಕು, ಮಗುವೇ ನಾಲಗೆ ಚಾಚಿ ಎಳೆದುಕೊಳ್ಳಬೇಕು. ಆಮೇಲೆ ಒಳಲೆಯನ್ನು ಅವರ ಕೈಗೆ ಕೊಟ್ಟು ಸುಮ್ಮನಾದೆ. ಮೂರು ಹೊತ್ತು ಅವರು ಕುಡಿಸುವುದನ್ನು ನೋಡಿದ ಮೇಲೇ ನನಗೆ ನಂಬಿಕೆ ಬಂದದ್ದು. ರಜೆ ಮುಗಿಯುವ ಮುನ್ನವೇ ಇದಕ್ಕೊಂದು ವಾರ ಇಟ್ಟುಕೊಳ್ಳಬೇಕಿತ್ತು.

"ಇಂಥ ಸೆಕೆಗೆ ಒಂದೆರಡು ಚಮಚ ನೀರಾದರೂ ಬೇಡ್ವಾ?" ಎಂದು ಅಕ್ಕ ಎರಡು ಸಲ ಕೇಳಿದ್ದರು. ಆರು ತಿಂಗಳವರೆಗೆ ನೀರು ಬೇಡ, ಹಾಲಿನಲ್ಲೇ ಬೇಕಾದಷ್ಟಿದೆ ಎಂದರೆ ಅವರಿಗೆ ಸಮಾಧಾನವಿಲ್ಲ. ಕೊನೆಗೆ ಅವರ ಕೈಗೇ ಲೆಕ್ಕ ಕೊಟ್ಟೆ. ಬೆಳಿಗ್ಗೆಯಿಂದ ಬೆಳಿಗ್ಗೆಗೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗಿ, ಮೂತ್ರ ತಿಳಿಯಾಗಿದ್ದರೆ ಮಗುವಿಗೆ ನೀರು ಸಾಲುತ್ತಿದೆ. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕತೊಡಗಿದರು, ರಾತ್ರಿಯ ಗೆರೆ ನಾನು ಎಳೆಯುತ್ತಿದ್ದೆ. ಎಂಟು, ಒಂಬತ್ತು ಗೆರೆ ಕಂಡ ಮೇಲೆ ನೀರಿನ ಮಾತು ನಿಂತಿತು.

ಶುಚಿಯ ವಿಷಯದಲ್ಲಿ ಸೋಪು, ಉಗುರು, ಹೆಣ್ಣು ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸುವುದು, ಇವೆಲ್ಲ ಅಕ್ಕನಿಗೆ ಸುಲಭವಾಗಿ ಬಂದವು. ನನಗೆ ಹೊಳೆಯದೇ ಹೋದದ್ದು ಹಸಿಮೆಣಸಿನಕಾಯಿ. ಒಗ್ಗರಣೆಗೆ ಹೆಚ್ಚಿದ ಕೈಯನ್ನು ಬರೀ ನೀರಲ್ಲಿ ತೊಳೆದು ಮಗುವಿನ ಮುಖ ಒರೆಸಿದ್ದರು. ಖಾರ ನೀರಿಗೆ ಹೋಗುವುದಿಲ್ಲ. ಮಗಳು ಅತ್ತದ್ದು ನೋಡಿ ಅಕ್ಕನೂ ಅತ್ತರು. ಅಂದಿನಿಂದ ಅವರು ಅಡುಗೆಮನೆಯ ಕೆಲಸ ಮುಟ್ಟುವುದು ಬೇಡವೆಂದೆ. ಇನ್ನೊಂದು, ಅವರಿಗೆ ನೆಗಡಿ ಜ್ವರ ಬಂದ ದಿನದ ಸಂಬಳ ಕತ್ತರಿಸುವುದಿಲ್ಲ ಎಂದು ಮೊದಲೇ ಹೇಳಬೇಕಿತ್ತು. ಸಂಬಳ ಹೋಗುತ್ತದೆಂಬ ಭಯವಿದ್ದರೆ ಯಾರಾದರೂ ಕೆಮ್ಮು ನುಂಗಿಕೊಂಡೇ ಕೆಲಸಕ್ಕೆ ಬರುತ್ತಾರೆ. ಎರಡನೇ ವಾರದಲ್ಲಿ ಅವರು ಬಂದದ್ದೂ ಹಾಗೆಯೇ.

ತುರ್ತು ಸಂಖ್ಯೆಗಳನ್ನೂ ಬರೆದು ಕೊಟ್ಟಿದ್ದೆ. ಒಂದು ಮಧ್ಯಾಹ್ನ ನಾನೇ ಮನೆಯಲ್ಲಿದ್ದು, "ಅಕ್ಕ, ಈಗ ಮಗುವಿಗೆ ಉಸಿರು ಕಟ್ಟಿದೆ ಅಂದ್ಕೊಳ್ಳಿ, ಏನು ಮಾಡ್ತೀರಿ?" ಎಂದು ಕೇಳಿದೆ. ಕನ್ನಡಕ ಹುಡುಕಿ, ಚೀಟಿ ಹುಡುಕಿ, ನನ್ನ ನಂಬರ್ ಒತ್ತಿದರು. ಅವರ ಬಟನ್ ಫೋನಿನಲ್ಲಿ ಕರೆನ್ಸಿ ಮುಗಿದಿತ್ತು. ಎರಡು ನಿಮಿಷ ಕಳೆದುಹೋಗಿತ್ತು. ಕರೆ ಹೋಗಿದ್ದರೂ ಮೀಟಿಂಗಿನಲ್ಲಿ ನನ್ನ ಫೋನು ಮೌನದಲ್ಲಿರುತ್ತಿತ್ತು.

ಅಂದೇ ರೀಚಾರ್ಜ್ ಮಾಡಿಸಿ, ಗುಂಡಿ ಒತ್ತಿ ಹಿಡಿದರೆ ಕರೆ ಹೋಗುವಂತೆ ಹೊಂದಿಸಿದೆ: 2 ಎದುರು ಮನೆ ಅಜ್ಜಿ, 3 ನಾನು, 4 ನನ್ನ ಗಂಡ, 5 ಮಕ್ಕಳ ಡಾಕ್ಟರು. ಅಜ್ಜಿಗೆ ಮೊದಲ ಜಾಗ ಕೊಟ್ಟದ್ದು ಅವರು ಅರ್ಧ ನಿಮಿಷದಲ್ಲಿ ಬಾಗಿಲಿಗೆ ಬರುವುದರಿಂದ. ಕಚೇರಿಯಿಂದ ನಾನು ಬರಲು ಒಂದೂವರೆ ಗಂಟೆ. ಮಗು ಉಸಿರಾಡದಿದ್ದರೆ, ಪ್ರಜ್ಞೆ ತಪ್ಪಿದರೆ, ಅದುರಿದರೆ ಮೊದಲು ಅಜ್ಜಿಯನ್ನು ಕೂಗಿ, ಅವರಿಂದ 108 ಅಥವಾ 112ಕ್ಕೆ ಕರೆ ಮಾಡಿಸಬೇಕು, ನನಗೆ ಆಮೇಲೆ. ಬಾಗಿಲ ಹಿಂದೆ ತಾಯಿ ಕಾರ್ಡ್ ಮತ್ತು ಸ್ವಲ್ಪ ದುಡ್ಡಿನ ಚೀಲ ನೇತುಹಾಕಿದೆ. ವಿಳಾಸ ಹೇಳಿಸಿ ನೋಡಿದೆ. ಅಕ್ಕನಿಗೆ ಕ್ರಾಸ್ ಸಂಖ್ಯೆ ನೆನಪಿಲ್ಲ, "ಗಣಪತಿ ಗುಡಿ ಎದುರು, ನೀರಿನ ಟ್ಯಾಂಕ್ ಪಕ್ಕದ ಹಳದಿ ಬಿಲ್ಡಿಂಗು" ಎಂದು ಸರಾಗವಾಗಿ ಹೇಳಿದರು. ಬಡಾವಣೆಯ ಹೆಸರೊಂದನ್ನು ಅದರ ಮುಂದೆ ಸೇರಿಸಿ, ಅದನ್ನೇ ಹತ್ತು ಸಲ ಹೇಳಿಸಿದೆ.

ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಮಾಡಬೇಕಾದ್ದನ್ನು ಸುತ್ತಿದ ಟವೆಲ್ ಇಟ್ಟುಕೊಂಡು ಕಲಿತೆವು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದೇ ಬರದಿದ್ದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಭುಜಗಳ ನಡುವೆ ಅಂಗೈ ಬುಡದಿಂದ ಐದು ಗುದ್ದು. ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು. ಹೊರಬರುವ ತನಕ ಹೀಗೇ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತೆಗೆಯಬಾರದು, ಇನ್ನೂ ಒಳಗೆ ಹೋಗುತ್ತದೆ. ಟವೆಲ್ ಮೇಲೆ ಅಕ್ಕನ ಮೊದಲ ಗುದ್ದು ತಟ್ಟಿ ಮಲಗಿಸುವಷ್ಟು ಮೆತ್ತಗಿತ್ತು. ಮಗುವಿಗೆ ನೋವಾಗುತ್ತದೆಂದು ಅವರ ಕೈ ಹಿಂಜರಿಯುತ್ತಿತ್ತು.

ಮೇ ತಿಂಗಳಲ್ಲಿ ಎದುರು ಮನೆ ಅಜ್ಜಿ ಮೊಮ್ಮಕ್ಕಳ ಜೊತೆ ಹತ್ತು ದಿನ ಊರಿಗೆ ಹೊರಟರು. ಬಾಗಿಲಿಗೆ ಬೀಗ ಬಿದ್ದದ್ದು ನೋಡಿ ಅಕ್ಕ ಅಂದೇ ಬೆಳಿಗ್ಗೆ ನನ್ನ ಮುಂದೆ ಫೋನು ಹಿಡಿದರು. "ಅಮ್ಮ, ಎರಡರಲ್ಲಿ ಈಗ ಯಾರನ್ನ ಹಾಕ್ತೀಯ?" ಕೆಳಗಿನ ಇಸ್ತ್ರಿ ಅಂಗಡಿಯವರನ್ನು ಕೇಳಿ, ಅವರ ನಂಬರ್ ಹಾಕಿ, ಒಮ್ಮೆ ಒತ್ತಿ ಹಿಡಿದು ಅವರ ಫೋನು ಮೊಳಗಿದ್ದನ್ನು ಕೇಳಿಸಿಕೊಂಡೇ ನಾನು ಬಸ್ಸಿಗೆ ಹೊರಟೆ.