ಸ್ಟಾರ್ಟ್ ಬಟನ್ ಒತ್ತುವ ಮೊದಲು

ಐಟಿಐ ಮುಗಿಸಿ ಅಪ್ರೆಂಟಿಸ್ ಮಾಡಿದ ಮೇಲೆ ಪೀಣ್ಯದ ಸುತ್ತಮುತ್ತ ನಾನೂ ಹಲವು ಟ್ರೇಡ್ ಟೆಸ್ಟ್ ಕೊಟ್ಟವನು. ಈಗ ಮೆಂಟೆನೆನ್ಸಿನಲ್ಲಿ ಹಳಬನಾಗಿದ್ದೇನೆ. ಹೊಸ ಎಲೆಕ್ಟ್ರಿಷಿಯನ್ ಬೇಕಾದಾಗ ಬೋರ್ಡಿನ ಪಕ್ಕ ನಿಂತು ನೋಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಎರಡೂ ಕಡೆ ನಿಂತು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಫಿಟ್ಟರ್ ಟೆಸ್ಟ್ ಬೇರೆಯದೇ ಲೋಕ. ಅಲ್ಲಿ ಫೈಲು, ಮಟ್ಟಗೋಲು, ವರ್ನಿಯರ್ ಮಾತಾಡುತ್ತವೆ. ಅದನ್ನು ಫಿಟ್ಟರುಗಳೇ ಬರೆಯಲಿ.

ಸಣ್ಣ, ಮಧ್ಯಮ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ಹೆಚ್ಚಾಗಿ ಕೊಡುವುದು ಡಿಒಎಲ್ ಸ್ಟಾರ್ಟರ್. ಮೇಜಿನ ಮೇಲೆ ಎಂಸಿಬಿ, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಹಸಿರು ಮತ್ತು ಕೆಂಪು ಪುಶ್ ಬಟನ್, ಒಂದು ಸಣ್ಣ ಮೋಟಾರು ಇಟ್ಟಿರುತ್ತಾರೆ. ಐಟಿಐನಲ್ಲಿ ಹತ್ತಾರು ಸಲ ಮಾಡಿದ್ದೇ ಅದು ಎಂದು ಹುಡುಗರು ನೇರ ವೈರಿಗೆ ಕೈ ಹಾಕುತ್ತಾರೆ. ನಾವು ನೋಡುವುದು, ಮೊದಲು ಕಾಂಟ್ಯಾಕ್ಟರಿನ ಕಾಯಿಲ್ ಎಷ್ಟು ವೋಲ್ಟಿನದು ಎಂದು ಓದುತ್ತಾನಾ ಅಂತ. ಅದರ ಮೈಮೇಲೇ ಬರೆದಿರುತ್ತದೆ. 230 ವೋಲ್ಟ್ ಆದರೆ ಒಂದು ಫೇಸ್, ಒಂದು ನ್ಯೂಟ್ರಲ್. 415 ಆದರೆ ಎರಡು ಫೇಸ್. 230ರ ಕಾಯಿಲಿಗೆ ಎರಡು ಫೇಸ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬರುತ್ತದೆ, ಟೆಸ್ಟೂ ಮುಗಿಯುತ್ತದೆ.

ಕಂಟ್ರೋಲ್ ವೈರಿಂಗ್ ದಾರಿ ಗೊತ್ತಿರುವುದೇ. ಫೇಸ್ ಮೊದಲು ಓವರ್‌ಲೋಡ್ ರಿಲೇಯ 95-96ರ ಮೂಲಕ ಬಂದು, ಸ್ಟಾಪ್ ಬಟನ್ ದಾಟಿ, ಸ್ಟಾರ್ಟ್ ಬಟನ್ ದಾಟಿ, ಕಾಯಿಲಿನ ಎ1 ಸೇರುತ್ತದೆ. ಎ2 ನ್ಯೂಟ್ರಲಿಗೆ. ಸ್ಟಾರ್ಟ್ ಬಟನಿಗೆ ಅಡ್ಡವಾಗಿ ಕಾಂಟ್ಯಾಕ್ಟರಿನ 13-14, ಅದು ಹೋಲ್ಡಿಂಗ್. ಇಷ್ಟನ್ನು ಜೋಡಿಸಿ "ಆಯ್ತು ಸಾರ್, ಪವರ್ ಕೊಡ್ಲಾ?" ಎಂದು ಕೇಳುತ್ತಾರೆ. ನಾನು ಏನೂ ಹೇಳುವುದಿಲ್ಲ. ಆಗ ಕೈ ಮಲ್ಟಿಮೀಟರಿನ ಕಡೆ ಹೋಗುತ್ತದೋ, ಎಂಸಿಬಿಯ ಕಡೆ ಹೋಗುತ್ತದೋ ಅನ್ನುವುದಕ್ಕೇ ಅರ್ಧ ಮಾರ್ಕು.

ಪವರ್ ಇಲ್ಲದೆಯೇ ಇಡೀ ಸರ್ಕ್ಯೂಟನ್ನು ನೋಡಿ ಮುಗಿಸಬಹುದು. ಎಂಸಿಬಿ ಆಫ್ ಇರಲಿ. ಮೀಟರನ್ನು ಓಮ್‌ನಲ್ಲಿಟ್ಟು ಒಂದು ಕಡ್ಡಿಯನ್ನು ಎಂಸಿಬಿಯ ಆಚೆ ಕಂಟ್ರೋಲ್ ಫೇಸ್ ಹೊರಡುವಲ್ಲಿ, ಇನ್ನೊಂದನ್ನು ನ್ಯೂಟ್ರಲಿನಲ್ಲಿ ಇಡಿ. ಸುಮ್ಮನಿದ್ದಾಗ ಓಪನ್ ತೋರಿಸಬೇಕು. ಸ್ಟಾರ್ಟ್ ಒತ್ತಿದರೆ ಕಾಯಿಲಿನ ರೆಸಿಸ್ಟೆನ್ಸ್ ಬರಬೇಕು, ಸಣ್ಣ ಕಾಂಟ್ಯಾಕ್ಟರಾದರೆ ಕೆಲವು ನೂರು ಓಮ್. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಇದೆ, ಪವರ್ ಕೊಡಬೇಡಿ. ಇನ್ನು ಬಟನ್ ಬಿಟ್ಟು, ಸ್ಕ್ರೂಡ್ರೈವರಿನಿಂದ ಕಾಂಟ್ಯಾಕ್ಟರಿನ ಮುಂದಿನ ಭಾಗವನ್ನು ಒಳಕ್ಕೆ ಒತ್ತಿ ಹಿಡಿದರೂ ಅದೇ ರೀಡಿಂಗ್ ಬರಬೇಕು. ಬಂದರೆ ಹೋಲ್ಡಿಂಗ್ ಸರಿಯಿದೆ. ಹಾಗೆ ಹಿಡಿದುಕೊಂಡೇ ಸ್ಟಾಪ್ ಒತ್ತಿ ನೋಡಿ. ರೀಡಿಂಗ್ ಹೋಗಬೇಕು. ಹೋಗದಿದ್ದರೆ ಹೋಲ್ಡಿಂಗ್ ವೈರನ್ನು ಸ್ಟಾಪ್ ಬಟನಿನ ಮೊದಲೇ ಎತ್ತಿಕೊಂಡಿದ್ದೀರಿ, ಮೋಟಾರು ಶುರುವಾಗುತ್ತದೆ, ಕೆಂಪು ಬಟನ್ ಒತ್ತಿದರೆ ನಿಲ್ಲುವುದಿಲ್ಲ. ಅವಸರದಲ್ಲಿ ಎಲ್ಲರೂ ಮಾಡುವ ತಪ್ಪೇ ಇದು. ಪವರ್ ಕೊಟ್ಟು ಎಲ್ಲರೆದುರು ಗೊತ್ತಾಗುವುದಕ್ಕಿಂತ ಮೀಟರಿನಲ್ಲಿ ಗೊತ್ತಾಗುವುದು ಮೇಲು.

ಎರಡನೇ ಸುತ್ತು ಫಾಲ್ಟ್ ಹುಡುಕುವುದು. ಓಡುತ್ತಿದ್ದ ಪ್ಯಾನಲಿನಲ್ಲಿ ನಾವೇ ಏನೋ ಕೆಡಿಸಿ ಕೊಡುತ್ತೇವೆ. ನನಗೆ ಇಷ್ಟವಾದದ್ದೊಂದಿದೆ: ಎ2ಗೆ ಬರುವ ನ್ಯೂಟ್ರಲ್ ವೈರನ್ನು ನ್ಯೂಟ್ರಲ್ ಲಿಂಕಿನಲ್ಲಿ ಇನ್ಸುಲೇಷನ್ ಸಮೇತ ಸ್ಕ್ರೂನಡಿ ಕಚ್ಚಿಸಿಡುವುದು. ನೋಡಲು ಬಿಗಿಯಾಗಿದೆ, ಎಳೆದರೂ ಬರುವುದಿಲ್ಲ, ಆದರೆ ತಾಮ್ರ ತಾಗಿಲ್ಲ.

ಹೋದ ಸಲ ಬಂದ ಹುಡುಗನೊಬ್ಬ ಟೆಸ್ಟರ್ ಹಿಡಿದು ಶುರು ಮಾಡಿದ. 95ರಲ್ಲಿ ಉರಿಯಿತು, 96ರಲ್ಲಿ ಉರಿಯಿತು, ಸ್ಟಾಪ್ ದಾಟಿದರೂ ಉರಿಯಿತು. ಸ್ಟಾರ್ಟ್ ಒತ್ತಿ ಹಿಡಿಯಲು ನನಗೆ ಹೇಳಿ ಎ1 ನೋಡಿದ, ಉರಿಯಿತು. ಎ2 ಮುಟ್ಟಿಸಿದ, ಅಲ್ಲೂ ಉರಿಯಿತು. "ಎಲ್ಲಾ ಕಡೆ ಸಪ್ಲೈ ಇದೆ ಸಾರ್, ಕಾಯಿಲ್ ಹೋಗಿದೆ, ಕಾಂಟ್ಯಾಕ್ಟರ್ ಚೇಂಜ್ ಮಾಡ್ಬೇಕು" ಎಂದ. ಕಾಯಿಲ್ ಹೋಗಿದ್ದರೆ ಎ1ರ ಫೇಸ್ ಕಾಯಿಲ್ ದಾಟಿ ಎ2ಗೆ ಬಂದು ಟೆಸ್ಟರ್ ಉರಿಸುತ್ತಿತ್ತೇ? ಎ2 ಉರಿದದ್ದೇ ಕಾಯಿಲ್ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ. ನ್ಯೂಟ್ರಲಿಗೆ ದಾರಿ ಇಲ್ಲದೆ ಫೇಸ್ ಅಲ್ಲೇ ನಿಂತಿದೆ.

ಅವನ ನಂತರ ಬಂದವನು ಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟ. ಸ್ಟಾರ್ಟ್ ಒತ್ತಿಸಿ ಎ1, ಎ2 ನಡುವೆ ಅಳೆದ. ಸೊನ್ನೆಯ ಹತ್ತಿರ. ಎ1ರಿಂದ ನ್ಯೂಟ್ರಲ್ ಲಿಂಕಿಗೆ 230, ಎ2ರಿಂದ ಲಿಂಕಿಗೂ 230. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಎಂಸಿಬಿ ಆಫ್ ಮಾಡಿ, ಸಪ್ಲೈ ಹೋಗಿದೆಯೆಂದು ಮೀಟರಿನಲ್ಲಿ ನೋಡಿಕೊಂಡೇ ಲಿಂಕಿನ ಸ್ಕ್ರೂ ಬಿಚ್ಚಿದ. ಟೆಸ್ಟರನ್ನು ನಾನು ಬೈಯುವುದಿಲ್ಲ, ನನ್ನ ಜೇಬಿನಲ್ಲೂ ಒಂದಿದೆ. ಫೇಸ್ ಇದೆಯೇ ಎಂದು ಹೇಳುವುದಷ್ಟೇ ಅದರ ಕೆಲಸ, ನ್ಯೂಟ್ರಲಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಇಂಟರ್‌ವ್ಯೂ ಸಾಮಾನ್ಯವಾಗಿ ಅದೇ ದಿನ, ಮೆಂಟೆನೆನ್ಸ್ ಇಂಜಿನಿಯರ್ ಎದುರು. ಓಮ್ಸ್ ಲಾ ಹೇಳು ಎನ್ನುವವರು ಈಗಲೂ ಇದ್ದಾರೆ, ಅದು ಬೇಗ ಮುಗಿಯುತ್ತದೆ. ತೂಕದ ಪ್ರಶ್ನೆಗಳು ಬೇರೆ. ಒಂದು, ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಓವರ್‌ಲೋಡ್ ಎಷ್ಟಕ್ಕೆ ಇಡುತ್ತೀಯ? ಮೋಟಾರಿನ ನೇಮ್‌ಪ್ಲೇಟಿನಲ್ಲಿ 14 ಆಂಪಿಯರ್ ಇದ್ದರೆ ಹೆಚ್ಚಿನವರು 14 ಎನ್ನುತ್ತಾರೆ. ರಿಲೇ ಎಲ್ಲಿದೆ ಎಂದು ಮೊದಲು ಕೇಳಬೇಕು. ಅದು ಒಳಬರುವ ಲೈನಿನಲ್ಲಿದ್ದರೆ 14 ಸರಿ. ಮೇನ್ ಕಾಂಟ್ಯಾಕ್ಟರಿನ ಕೆಳಗೆ, ವೈಂಡಿಂಗ್ ಕರೆಂಟ್ ಹರಿಯುವ ಜಾಗದಲ್ಲಿದ್ದರೆ 14ನ್ನು 0.58ರಿಂದ ಗುಣಿಸಿ, 8ರ ಸುಮಾರು. ಅಲ್ಲಿ 14ಕ್ಕಿಟ್ಟರೆ ಮೋಟಾರು ಬೆಂದರೂ ರಿಲೇ ಬೀಳುವುದಿಲ್ಲ.

ಇನ್ನೊಂದು ಪ್ರಶ್ನೆ ಹೀಗಿರುತ್ತದೆ: "ರಾತ್ರಿ ಪಾಳಿ, ಮೋಟಾರು ಪದೇ ಪದೇ ಟ್ರಿಪ್ ಆಗ್ತಿದೆ, ಪ್ರೊಡಕ್ಷನ್ ಸೂಪರ್‌ವೈಸರ್ ಬಂದು ಸೆಟ್ಟಿಂಗ್ ಏರಿಸು ಅಂತಾನೆ. ಏನ್ ಮಾಡ್ತೀಯ?" ಏರಿಸಲ್ಲ ಸಾರ್ ಎಂದರೆ ಸಾಲದು. ಮೂರೂ ಫೇಸಿಗೆ ಕ್ಲ್ಯಾಂಪ್ ಮೀಟರ್ ಹಾಕುತ್ತೇನೆ ಎನ್ನಬೇಕು. ಒಂದರಲ್ಲಿ ಕರೆಂಟೇ ಇಲ್ಲ, ಉಳಿದೆರಡರಲ್ಲಿ ಹೆಚ್ಚಿದ್ದರೆ ಒಂದು ಫೇಸ್ ಹೋಗಿದೆ: ಫ್ಯೂಸು, ಕಾಂಟ್ಯಾಕ್ಟು, ಟರ್ಮಿನಲ್ ನೋಡುವುದು. ಮೂರರಲ್ಲೂ ಸಮವಾಗಿ ಹೆಚ್ಚಿದ್ದರೆ ಬೇರಿಂಗ್, ಪಂಪು, ಬೆಲ್ಟಿನ ಕಡೆ ಹೋಗಬೇಕು, ಅಲ್ಲಿ ಫಿಟ್ಟರನ್ನು ಕರೆಯುವುದು. ಮೂರೂ ನೇಮ್‌ಪ್ಲೇಟಿನೊಳಗಿದ್ದೂ ಬೀಳುತ್ತಿದ್ದರೆ ಸೆಟ್ಟಿಂಗನ್ನು ಯಾರೋ ಇಳಿಸಿರಬಹುದು, ಅಥವಾ ರಿಲೇಯ ಸ್ಕ್ರೂ ಸಡಿಲವಾಗಿ ಅಲ್ಲೇ ಕಾಯುತ್ತಿರಬಹುದು.

ಕಾಗದಪತ್ರ ನೋಡುವುದು ಕೊನೆಗೆ: ಐಟಿಐ ಸರ್ಟಿಫಿಕೇಟು, ಅಪ್ರೆಂಟಿಸ್ ಸರ್ಟಿಫಿಕೇಟು, ಇದ್ದರೆ ವೈರ್‌ಮನ್ ಪರ್ಮಿಟ್. ಪರ್ಮಿಟ್ ಇದ್ದವನಿಗೆ ಮಾತಾಡಲು ಸ್ವಲ್ಪ ಧೈರ್ಯ. ಸಂಬಳದ ಮಾತು ಬಂದಾಗ ನೀವೂ ಕೇಳಿ: ಕಂಪನಿ ರೋಲೋ, ಕಾಂಟ್ರ್ಯಾಕ್ಟರ್ ಕೈಕೆಳಗೋ? ಪಿಎಫ್, ಇಎಸ್‌ಐ ಯಾರು ಕಟ್ಟುತ್ತಾರೆ? ರಾತ್ರಿ ಪಾಳಿಯಲ್ಲಿ ಎಲೆಕ್ಟ್ರಿಷಿಯನ್ ಒಬ್ಬನೇ ಇರುತ್ತಾನೋ, ಜೊತೆಗೆ ಹೆಲ್ಪರ್ ಇರುತ್ತಾನೋ? ಈ ಕೊನೆಯ ಪ್ರಶ್ನೆಗೆ ಕೆಲವು ಇಂಜಿನಿಯರುಗಳು ಮುಖ ಸಿಂಡರಿಸುತ್ತಾರೆ. ನಮ್ಮವರು ಅದನ್ನು ಕೇಳಿದವನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕಿಕೊಳ್ಳುತ್ತಾರೆ.